ಕಥಿ ತಿದ್ದಿಕೊಡ್ರಿ: ಸೆಕೆಂಡ್ ಶೋ ನಡೆದಾಗ ಟಾಕೀಸಿನ ವಾಚ್‌ಮನ್ ಹೊಗಿ ಕಂಡ್ರ ಮೊದಲ ಏನ್ ಮಾಡ್ತಾನ?

ಸಿಂದಗಿ ನಾಕಾ

ನಮಸ್ಕಾರ್ರಿ. ವಿಜಯಪುರದ ಹಳೆ ಟಾಕೀಸೊಂದರಾಗ ನಡಿಯೋ ಸಣ್ಣಕಥಿ ಬರೀಲಿಕ್ಕತ್ತೀನಿ. ಊರು ಖರೇ, ಟಾಕೀಸು ನಾ ಕಟ್ಟಿದ್ದು. ಸಂಕ್ರಮಣದ ಸಿದ್ಧೇಶ್ವರ ಜಾತ್ರಿ, ಸೆಕೆಂಡ್ ಶೋ ಹೌಸ್‌ಫುಲ್. ಕೆಳಗ 450 ಮಂದಿ, ಬಾಲ್ಕನ್ಯಾಗ 170. ಕೆಳಗ ಮೂರು ಬಾಗಿಲ: ಹಿಂದ ಎಲ್ಲಾರೂ ಒಳಗ ಬರೋ ಮೇನ್ ಬಾಗಿಲ, ಎಡಕ್ಕ ಅಂಗಳಕ್ಕ ತೆರಕೊಳ್ಳೋ ಎರಡು. ಬಾಲ್ಕನಿಗೆ ಎಡಕ್ಕೊಂದು ಬಲಕ್ಕೊಂದು ಮೆಟ್ಟಿಲ. ಇಂಟರ್‌ವೆಲ್ ಆದಮ್ಯಾಲ ಗೇಟ್‌ಕೀಪರ್‌ಗಳು ಮನಿಗೆ ಹೋಗ್ಯಾರ. ಉಳಿದಾವರು ಆಪರೇಟರ್, ಕ್ಯಾಂಟೀನ್ ಹುಡುಗ, ಮತ್ತ 58 ವರ್ಷದ ವಾಚ್‌ಮನ್ ಶಿವಪ್ಪ.

ಗಾಬರಿ ಆಗದ ಮನಷ್ಯಾನ ಕಥಿ ಇದು. ಆದ್ರ ಅಂವ ಮಾಡೋ ಕೆಲಸನ ತಪ್ಪಿದ್ರ ಶಾಂತ ಇದ್ದು ಏನ್ ಬಂತು? ಕರಡು ಹಿಂಗದ, ಎಲ್ಲೆ ತಪ್ಪದ ಹೇಳ್ರಿ:

"ಬಲಗಡೆಯ ಮೆಟ್ಟಿಲ ಕೆಳಗಿನ ಪ್ಯಾನೆಲ್ ರೂಮಿನ ಬಾಗಿಲ ಸಂದಿಯಿಂದ ಹೊಗೆ ಎಳೆಎಳೆಯಾಗಿ ಬರುತ್ತಿತ್ತು. ಶಿವಪ್ಪ ಬಾಗಿಲು ತೆರೆದ. ಒಳಗೆ ಕೆಂಪು ಬೆಳಕು. ಮೇನ್ ಸ್ವಿಚ್ಚನ್ನು ಕೆಳಕ್ಕೆ ಎಳೆದ. ಸಿನಿಮಾ ನಿಂತಿತು, ಹಾಲ್ ಕತ್ತಲಾಯಿತು. ಟಾರ್ಚ್ ಹಿಡಿದು ಒಳಗೆ ಹೋಗಿ, 'ಮಷೀನ್ ಕೆಟ್ಟದರಿ, ಎಲ್ಲಾರೂ ಹೊರಗ ನಡೀರಿ' ಅಂದ. ಜನ ಗೊಣಗುತ್ತ ಎದ್ದರು."

ಶಾರ್ಟ್‌ಫಿಲ್ಮ್ ಸಂಜು

ಹೊಗಿಗೆ ಫಾಗ್ ಮಷೀನ್ ಬಾಡಿಗಿ ತೊಗೊಳ್ರಿ. ಆನ್ ಮಾಡಿ ಬಿಸಿ ಆಗೂತನಕ ಕಾಯಬೇಕು, ಲಿಕ್ವಿಡ್ ಒಂದು ಲೀಟರ್ ಹೆಚ್ಚಿಗಿ ಇಟ್ಕೊಳ್ರಿ. ಫ್ಯಾನ್ ಬಂದ್ ಇದ್ರ ಹೊಗಿ ನಿಲ್ತದ. ಹಿಂದಿನಿಂದ ಲೈಟ್ ಬಿಟ್ರ ಕ್ಯಾಮೆರಾದಾಗ ಚೊಲೋ ಕಾಣ್ತದ.

ಸಿಂದಗಿ ನಾಕಾ

ಸಂಜು ಅಣ್ಣಾ, ಶೂಟಿಂಗ್ ಅಲ್ರಿ ಇದು. ಕಾಗದದ ಮ್ಯಾಲಿನ ಕಥಿ.

ವೈರಿಂಗ್ ಮಾಂತೇಶ

ಮೇನ್ ಆಫ್ ಮಾಡಿದ್ದು ಕರೆಕ್ಟ್ ಐತಿ, ಅದನ್ನ ತಿದ್ದಬ್ಯಾಡ್ರಿ. ಕರೆಂಟಿನ ಬೆಂಕಿಗೆ ಮೊದಲ ಕರೆಂಟ್ ತಗೀಬೇಕು. ಕರೆಂಟ್ ಇರೂತನಕ ನೀವು ಏನ್ ಹೊಡದ್ರೂ ಬೆಂಕಿ ಮತ್ತ ಹತ್ತತೈತಿ.

ಇನ್ನೊಂದು. ಬ್ರೇಕರ್ ಯಾಕ ಟ್ರಿಪ್ ಆಗಲಿಲ್ಲ ಅಂತ ಓದಾವ್ರು ಕೇಳ್ತಾರ. ಶಾರ್ಟ್ ಸರ್ಕ್ಯೂಟ್ ಅಂತ ಬರದ್ರ ಅದಕ್ಕ ಉತ್ತರ ಸಿಗಾಂಗಿಲ್ಲ, ಯಾಕಂದ್ರ ಶಾರ್ಟ್ ಆದ್ರ ಬ್ರೇಕರ್ ಬೀಳಾಕ ಬೇಕು. ಲೂಸ್ ಕನೆಕ್ಷನ್ ಅಂತ ಬರೀರಿ. ಕೇಬಲ್ ತುದಿಯ ಲಗ್‌ನ ಬೋಲ್ಟ್ ಸಡಲಾಗಿರತೈತಿ. ಕರೆಂಟ್ ಎಂದಿನಷ್ಟ ಹರೀತೈತಿ, ಅದಕ್ಕ ಬ್ರೇಕರ್‌ಗೆ ಏನೂ ಗೊತ್ತಾಗಾಂಗಿಲ್ಲ. ಆ ಜಾಯಿಂಟ್ ಒಂದ ಕಾಯ್ದು ಕಾಯ್ದು ಪಕ್ಕದ ಇನ್ಸುಲೇಷನ್ ಕರಗಿಸತೈತಿ. ಎಷ್ಟೋ ದಿನ ಹಂಗ ನಡದಿರತೈತಿ. ಜಾತ್ರಿ ದಿನ ಬ್ಲೋವರ್, ಕ್ಯಾಂಟೀನ್ ಫ್ರಿಜ್, ಹೊರಗಿನ ಸೀರಿಯಲ್ ಲೈಟ್ ಎಲ್ಲಾ ಒಮ್ಮೆ ಓಡಿದಾಗ ಹೊತ್ತತೈತಿ. ಅದಕ್ಕೂ ಮೊದಲ ವಾಸನಿ ಬರತೈತಿ, ಕೆಟ್ಟ ಮೀನಿನ ವಾಸನಿಯಂಥಾದ್ದು. ಶಿವಪ್ಪಗ ಆ ವಾಸನಿ ಮೊದಲ ಹತ್ತಲಿ.

ಹಳೇ ಹೆಲ್ಮೆಟ್

ಮಾಂತೇಶ ಅವರು ಕಾರಣ ಸರಿಯಾಗಿ ಹೇಳಿದ್ದಾರೆ, ಮದ್ದು ಅರ್ಧ ಸರಿ. ಅಗ್ನಿಶಾಮಕದ ಕೆಲಸ ಬಲ್ಲವನಾಗಿ ಹೇಳುತ್ತೇನೆ, ಈ ಕರಡಿನಲ್ಲಿ ಶಿವಪ್ಪ ಶಾಂತವಾಗಿಯೇ ಜನರನ್ನು ಅಪಾಯಕ್ಕೆ ದೂಡಿದ್ದಾನೆ.

ಮೊದಲು ಆ ಬಾಗಿಲು. ಮುಚ್ಚಿದ ಸಣ್ಣ ಕೋಣೆಯಲ್ಲಿ ಬೆಂಕಿಗೆ ಗಾಳಿ ಸಾಲದೆ ಅದು ಕುಗ್ಗಿರುತ್ತದೆ. ಬಾಗಿಲು ತೆರೆದರೆ ಅದಕ್ಕೆ ಗಾಳಿ ಸಿಗುತ್ತದೆ, ಹೊಗೆಗೆ ದಾರಿ ಸಿಗುತ್ತದೆ, ಆ ದಾರಿ ನೇರ ಮೆಟ್ಟಿಲ ಮೇಲೆ ಬಾಲ್ಕನಿಗೆ. ಅಂಗೈ ಬೇಡ, ಅಂಗೈಯ ಹಿಂಭಾಗ ಬಾಗಿಲಿಗೆ ಮೇಲಿನಿಂದ ಕೆಳಗೆ ಹಿಡಿದು ನೋಡಲಿ. ಬಿಸಿ ಇದ್ದರೆ ಆ ಬಾಗಿಲು ಮುಚ್ಚಿಯೇ ಇರಬೇಕು. ಇಡೀ ಕಥೆಯಲ್ಲಿ ಅವನು ಮಾಡಬಹುದಾದ ದೊಡ್ಡ ಕೆಲಸ ಅದನ್ನು ತೆರೆಯದೆ ಇರುವುದು.

ಎರಡನೆಯದು ಬ್ಲೋವರ್. ಅದನ್ನು ನೀವು ಬರೆದೇ ಇಲ್ಲ. ಹಳೆಯ ಟಾಕೀಸುಗಳಲ್ಲಿ ಅಂಗಳದ ಕಡೆ ಪ್ಲಾಂಟ್ ರೂಮ್ ಇದ್ದು, ದೊಡ್ಡ ಬ್ಲೋವರ್ ಗಾಳಿಯನ್ನು ಡಕ್ಟ್ ಮೂಲಕ ಹಾಲಿಗೆ ತಳ್ಳುತ್ತದೆ. ಹೊಗೆ ಆ ಗಾಳಿಗೆ ಸೇರಿದರೆ ಒಂದು ಮೂಲೆಯ ಹೊಗೆ ನಿಮಿಷದೊಳಗೆ ಎಲ್ಲ ಜಾಲರಿಗಳಿಂದ ಇಳಿಯುತ್ತದೆ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ಸತ್ತರಲ್ಲ, ಅಲ್ಲಿ ಬೆಂಕಿ ಇದ್ದದ್ದು ಕೆಳಗೆ ಪಾರ್ಕಿಂಗಿನ ಟ್ರಾನ್ಸ್‌ಫಾರ್ಮರ್‌ನಲ್ಲಿ. ಹೊಗೆ ಮೆಟ್ಟಿಲಿನಿಂದಲೂ ಎ.ಸಿ. ಡಕ್ಟಿನಿಂದಲೂ ಮೇಲೇರಿತು. ಸತ್ತವರು ಬಾಲ್ಕನಿಯವರು, ಉಸಿರುಗಟ್ಟಿ. ಹೆಚ್ಚುವರಿ ಕುರ್ಚಿ ಹಾಕಿ ಬಾಲ್ಕನಿಯ ಒಂದು ಕಡೆಯ ದಾರಿಯನ್ನೇ ಮುಚ್ಚಿದ್ದರು. ಆದ್ದರಿಂದ ನಿಮ್ಮ ಕಥೆಯಲ್ಲಿ ಕೆಳಗಿನ 450 ಜನರಿಗಿಂತ ಮೇಲಿನ 170 ಜನರ ಚಿಂತೆ ಹೆಚ್ಚಿರಲಿ. ಹೊಗೆ ಮೊದಲು ಛಾವಣಿಗೆ ಹೋಗುತ್ತದೆ, ಬಾಲ್ಕನಿಯವರ ತಲೆ ಛಾವಣಿಗೆ ಹತ್ತಿರ.

ಮೂರನೆಯದು ಕತ್ತಲು. ಮೇನ್ ತೆಗೆದರೆ ಹಾಲಿನ ದೀಪವೂ ಮೈಕೂ ಒಟ್ಟಿಗೆ ಹೋಗುತ್ತವೆ. ಕತ್ತಲಲ್ಲಿ 620 ಜನ ತಾವು ಬಂದ ಬಾಗಿಲನ್ನೇ ಹುಡುಕುತ್ತಾರೆ. ಜನ ಹೊರಬಿದ್ದ ಮೇಲೆ ಮೇನ್ ತೆಗೆಯಲಿ. ಅದೂ ಆ ಕೋಣೆಯ ಒಳಗೆ ಹೋಗಿ ಅಲ್ಲ, ಹೊರಗೆ ಮೀಟರಿನ ಹತ್ತಿರದ ಸ್ವಿಚ್ಚಿನಲ್ಲಿ. ಅದು ಇಲ್ಲದಿದ್ದರೆ ಹೆಸ್ಕಾಂನವರು ಟ್ರಾನ್ಸ್‌ಫಾರ್ಮರ್ ಕಡೆಯಿಂದ ತೆಗೆಯಬೇಕು.

ವೈರಿಂಗ್ ಮಾಂತೇಶ

ಎಮರ್ಜೆನ್ಸಿ ಲೈಟಿಗೆ ಬ್ಯಾಟರಿ ಇರತೈತಲ್ರಿ ಸರ. ಕತ್ತಲ ಯಾಕಾಗತೈತಿ?

ಹಳೇ ಹೆಲ್ಮೆಟ್

ಇರಬೇಕು, ಹೌದು. ಚಾರ್ಜ್ ಇದೆಯೇ ಅನ್ನುವುದನ್ನು ಶಿವಪ್ಪ ಆ ಹೊತ್ತಿನಲ್ಲಿ ಪರೀಕ್ಷಿಸುವಂತಿಲ್ಲ. ಉರಿಯುತ್ತಿರುವ ದೀಪವನ್ನು ಆರಿಸಿ, ಹೊತ್ತೀತೋ ಇಲ್ಲವೋ ಗೊತ್ತಿಲ್ಲದ ದೀಪವನ್ನು ಯಾಕೆ ನಂಬಬೇಕು?

ವೈರಿಂಗ್ ಮಾಂತೇಶ

ಒಪ್ಪಿದೆ. ಹಂಗಾದ್ರ ಜನರೇಟರ್‌ದೂ ಕಥ್ಯಾಗ ಬರಬೇಕು. ಆಟೋ ಇದ್ರ ಮೇನ್ ಹೋದಕೂಡ್ಲೇ ಅದು ತಾನ ಚಾಲೂ ಆಗಿ, ಸುಡಾಕತ್ತಿದ್ದ ಅದ ಪ್ಯಾನೆಲ್‌ಗೆ ಮತ್ತ ಕರೆಂಟ್ ಕೊಡತೈತಿ. ಮೇನ್ ತಗದೆ ಅಂತ ಮಂದಿ ಆರಾಮ ನಿಂತಿರತಾರ, ಹತ್ತು ಹದಿನೈದು ಸೆಕೆಂಡಿನಾಗ ಒಳಗ ಮತ್ತ ಚಟಪಟ ಶುರು. ಮೊದಲ ಜನರೇಟರ್ ಸೆಲೆಕ್ಟರ್ ಆಫ್‌ಗೆ ತಿರುಗಿಸಬೇಕು, ಆಮ್ಯಾಲ ಮೇನ್.

ಬೂತ್ ಬಸಣ್ಣ

ಆಪರೇಟರ್ ಕಡಿಂದ ಎರಡು ಮಾತು. ಹೊಗಿ ಎಲ್ಲಾರಿಗಿಂತ ಮೊದಲ ಕಾಣೋದು ಪ್ರೊಜೆಕ್ಟರ್ ಬೆಳಕಿನ್ಯಾಗ. ಧೂಳು ಯಾವಾಗಲೂ ಇರ್ತದ, ಅದು ಚುಕ್ಕಿ ಚುಕ್ಕಿ ಮಿಣುಕತದ. ಹೊಗಿ ಆದ್ರ ಬೆಳಕಿನ ಮ್ಯಾಲಿನ ಅಂಚು ಹಾಲಿನಂಗ ಬೆಳ್ಳಗ ದಪ್ಪ ಆಗ್ತದ, ಪರದಿ ಮ್ಯಾಲಿನ ಕಪ್ಪು ಬೂದಿ ಬಣ್ಣಕ್ಕ ತಿರುಗತದ. ಬೀಡಿ ಹೊಗಿ ಒಂದ ಕಡಿ ಸುರುಳಿ ಸುತ್ತಿ ಹೋಗಿಬಿಡ್ತದ, ಇದು ಹೋಗಂಗಿಲ್ಲ.

ಎರಡನೇದು, ಪಿಕ್ಚರ್ ಮೊದಲ ನಿಲ್ಲಿಸಬಾರದು. ಹಾಲಿನ ಲೈಟ್ ಮೊದಲ, ಆಮ್ಯಾಲ ಸೌಂಡ್ ಮ್ಯೂಟ್, ಕಡೀಕ ಪಿಕ್ಚರ್. ಪಿಕ್ಚರ್ ಮೊದಲ ನಿಂತ್ರ ಕತ್ತಲಾಗ ಸೀಟಿ, ಕೂಗಾಟ, ಬಾಟ್ಲಿ ತೂರಾಟ ಶುರು ಆಗ್ತದ, ಆಮ್ಯಾಲ ಮೈಕಿನಾಗ ದೇವರು ಬಂದು ಹೇಳಿದ್ರೂ ಕೇಳಂಗಿಲ್ಲ. ಸಿನಿಮಾ ನಡುವ ಲೈಟ್ ಹತ್ತಿದ್ರ ಮಂದಿ ಹಿಂದಕ್ಕ ತಿರುಗಿ ಆಪರೇಟರ್ ಕಿಂಡಿ ಕಡೆ ನೋಡ್ತಾರ. ಆ ಎರಡು ಮೂರು ಸೆಕೆಂಡ್ ಎಲ್ಲಾರೂ ಸುಮ್ಮ ಇರ್ತಾರ, ಮಾತಾಡೋದು ಆವಾಗ.

ಹಂಗ ಶಿವಪ್ಪ ಬೂತಿಗೆ ಓಡಿ ಹತ್ತೋದು ಬ್ಯಾಡ. ಫೋನ್ ಮಾಡ್ಲಿ.

ಹಳೇ ಹೆಲ್ಮೆಟ್

ಬಸಣ್ಣನವರೇ, ಇದು ಬಹಳ ಒಳ್ಳೆಯ ಮಾತು. ಈಗ ಬಾಗಿಲಿನ ಲೆಕ್ಕ ನೋಡೋಣ.

ಒಂದು ಮೀಟರ್ ಅಗಲದ ತೆರೆದ ದಾರಿಯಲ್ಲಿ ನೂಕುನುಗ್ಗಲಿಲ್ಲದೆ ನಡೆದರೆ ನಿಮಿಷಕ್ಕೆ ಸುಮಾರು 80 ಜನ ದಾಟುತ್ತಾರೆ. ಮೆಟ್ಟಿಲಿನಲ್ಲಿ ಸುಮಾರು 66. ಕೆಳಗಿನ ಪ್ರತಿ ಬಾಗಿಲು ಒಂದೂವರೆ ಮೀಟರ್ ಅಂದುಕೊಳ್ಳಿ, ಒಂದಕ್ಕೆ ನಿಮಿಷಕ್ಕೆ 120 ಜನ. ಮೂರೂ ಬಾಗಿಲಿಗೆ ಜನ ಸಮನಾಗಿ ಹಂಚಿಹೋದರೆ 450 ಜನ ಒಂದೂಕಾಲು ನಿಮಿಷದಲ್ಲಿ ಹೊರಗಿರುತ್ತಾರೆ. ಎಲ್ಲರೂ ತಾವು ಬಂದ ಮೇನ್ ಬಾಗಿಲಿಗೇ ಹೋದರೆ ಅದೇ ಜನಕ್ಕೆ ಮೂರೂಮುಕ್ಕಾಲು ನಿಮಿಷ. ಮನುಷ್ಯನ ಅಭ್ಯಾಸ ಎರಡನೆಯದು, ಬಂದ ದಾರಿಯಲ್ಲೇ ಹೋಗುವುದು. ಆ ಎರಡೂವರೆ ನಿಮಿಷವನ್ನು ಉಳಿಸುವುದೇ ನಿಮ್ಮ ನಾಯಕನ ಕೆಲಸ.

ಬಾಲ್ಕನಿಯಲ್ಲಿ ಬಲಗಡೆಯ ಮೆಟ್ಟಿಲು ಪ್ಯಾನೆಲ್ ರೂಮಿನ ಮೇಲೇ ಇದೆ, ಅದನ್ನು ಬಿಟ್ಟುಬಿಡಿ. ಎಡಗಡೆಯದು ಒಂದೂವರೆ ಮೀಟರ್ ಇದ್ದರೆ ನಿಮಿಷಕ್ಕೆ ನೂರು ಜನ, 170 ಜನಕ್ಕೆ ಒಂದು ನಿಮಿಷ ನಲವತ್ತೆರಡು ಸೆಕೆಂಡಿನ ಸುಮಾರು. ಇದಕ್ಕೆ ಕುರ್ಚಿ ಸಾಲಿನಿಂದ ಹೊರಬರುವ ಹೊತ್ತು, ಚಪ್ಪಲಿ ಹುಡುಕುವ ಹೊತ್ತು, ಮಕ್ಕಳನ್ನು ಎತ್ತಿಕೊಳ್ಳುವ ಹೊತ್ತು ಸೇರಿಸಿ. ಹಾಳೆಯ ಮೇಲಿನ ಲೆಕ್ಕ ಇದು, ನಿಜವಾಗಿ ಇದಕ್ಕಿಂತ ಹೆಚ್ಚೇ ಆಗುತ್ತದೆ.

ಕಾರ್ಯಾಲಯ ಇಳಕಲ್

ಸರ ನಂದು ಸಿನಿಮಾ ಅಲ್ರಿ, ಮದುವಿ ಕಾರ್ಯಾಲಯ. ಹಿಂದಿನ ಬಾಗಿಲ ತೆರದಿಟ್ರ ಕರೀದಾವ್ರು ಊಟಕ್ಕ ಬರ್ತಾರ, ಪಾತ್ರಿ ಹೋಗ್ತಾವ. ಅದಕ್ಕ ಕೀಲಿ ಹಾಕ್ತೀವಿ. ಕೀಲಿ ಅಡಗಿಭಟ್ಟರ ಹಂತೇಕ ಇರ್ತದ. ನಡೀತದೇನು?

ಹಳೇ ಹೆಲ್ಮೆಟ್

ನಡೆಯುವುದಿಲ್ಲ. ಬೆಂಕಿ ಬಹುತೇಕ ಹೊತ್ತುವುದು ಅಡುಗೆಮನೆಯಲ್ಲಿ, ಕೀಲಿಯೂ ಅಲ್ಲೇ. ಪ್ಯಾನಿಕ್ ಬಾರ್ ಹಾಕಿಸಿ. ಒಳಗಿನಿಂದ ಒತ್ತಿದರೆ ತೆರೆಯುತ್ತದೆ, ಹೊರಗಿನಿಂದ ಹಿಡಿಕೆ ಇರುವುದಿಲ್ಲ. ಊಟದ ಕಳ್ಳರಿಗೂ ಅದೇ ಉತ್ತರ. ಬಾಗಿಲು ಹೊರಮುಖವಾಗಿ ತೆರೆಯಬೇಕು ಅನ್ನುವುದನ್ನೂ ನೋಡಿಕೊಳ್ಳಿ.

ಓದುಗಿ ಗಿರಿಜಾ

ನನಗೆ ತಾಂತ್ರಿಕ ವಿಷಯ ಗೊತ್ತಿಲ್ಲ, ಕಥೆಯ ಬಗ್ಗೆ ಒಂದು ಪ್ರಶ್ನೆ. "ಮಷೀನ್ ಕೆಟ್ಟದ" ಎಂದು ಶಿವಪ್ಪ ಸುಳ್ಳು ಹೇಳುತ್ತಾನೆ. ಗಾಬರಿ ಆಗಬಾರದೆಂದು ಹೇಳಿದ ಸುಳ್ಳು, ಸರಿ. ಆದರೆ ಮಷೀನ್ ಕೆಟ್ಟರೆ ನಾನಂತೂ ಏಳುವುದಿಲ್ಲ. ರಿಪೇರಿ ಆಗಲಿ ಎಂದು ಕೂತೇ ಇರುತ್ತೇನೆ, ಟಿಕೆಟ್ ದುಡ್ಡು ಕೊಟ್ಟಿದ್ದೇನಲ್ಲ.

ಹಳೇ ಹೆಲ್ಮೆಟ್

ಕಥೆಯ ತಿರುಳನ್ನೇ ಹಿಡಿದಿರಿ. ಇಂಥ ಕಡೆ ಮಂದಿ ಗಾಬರಿಯಿಂದ ಸಾಯುವುದಕ್ಕಿಂತ ತಡಮಾಡಿ ಸಾಯುವುದು ಹೆಚ್ಚು. ಅಮೆರಿಕದ ಕೆಂಟಕಿಯಲ್ಲಿ 1977ರ ಮೇ 28ರಂದು ಬೆವರ್ಲಿ ಹಿಲ್ಸ್ ಸಪ್ಪರ್ ಕ್ಲಬ್ ಎಂಬಲ್ಲಿ ಬೆಂಕಿ ಬಿದ್ದು 165 ಜನ ಸತ್ತರು. ಕಿಕ್ಕಿರಿದ ಒಳಾಂಗಣದಲ್ಲಿ ಹಾಸ್ಯ ಕಾರ್ಯಕ್ರಮ ನಡೆಯುತ್ತಿತ್ತು. ಅಲ್ಲಿ ತಟ್ಟೆ ಎತ್ತುವ ಕೆಲಸದ 18 ವರ್ಷದ ಹುಡುಗ, ವಾಲ್ಟರ್ ಬೈಲಿ, ವೇದಿಕೆ ಹತ್ತಿ ಮೈಕ್ ಹಿಡಿದು ಮೊದಲು ಬಾಗಿಲುಗಳು ಎಲ್ಲೆಲ್ಲಿವೆ ಎಂದು ಜನರ ಕಣ್ಣು ಅತ್ತ ತಿರುಗಿಸಿದ. ಆಮೇಲೆ ಬೆಂಕಿ ಇದೆ, ಹೊರಗೆ ನಡೆಯಿರಿ ಎಂದ. ಅವನ ಮಾತಿನಿಂದ ಬಹಳ ಜನ ಉಳಿದರು. ಹಾಸ್ಯದ ಭಾಗವೇ ಇರಬೇಕು ಎಂದುಕೊಂಡು ಕೂತವರೂ ಇದ್ದರು.

ಗಮನಿಸಿ, ಅವನು ಕಿರುಚಲಿಲ್ಲ, ಸುಳ್ಳೂ ಹೇಳಲಿಲ್ಲ. ಬಾಗಿಲು ಮೊದಲು, ಕಾರಣ ನಂತರ. ಇದೇ ಕ್ರಮ ನಿಮ್ಮ ಮೈಕಿನ ಮಾತಿಗೂ ಬರಲಿ.

ಬೂತ್ ಬಸಣ್ಣ

ಸರ, ಇದಕ್ಕ ನಾ ಒಪ್ಪಂಗಿಲ್ಲ. ಜಾತ್ರಿ ಮಂದಿ, ಅರ್ಧ ಹಳ್ಳಿ ಕಡಿಂದ ಬಂದಾವ್ರು, ಹೆಣ್ಮಕ್ಕಳು ಮಕ್ಕಳು ಕೂಡಿ. ಮೈಕಿನಾಗ "ಬೆಂಕಿ" ಅಂದ್ರ ಬಾಲ್ಕನಿ ಮೆಟ್ಟಿಲದಾಗ ಒಬ್ಬರ ಮ್ಯಾಲ ಒಬ್ಬರು ಬೀಳ್ತಾರ. "ಕರೆಂಟಿನ ತ್ರಾಸ ಅದ, ಹೊರಗ ನಿಂದರ್ರಿ" ಅಂದ್ರ ಸಾಕು.

ಹಳೇ ಹೆಲ್ಮೆಟ್

ಅದು ಸುಳ್ಳಲ್ಲ, ಅರ್ಧ ನಿಜ. ಮಂದಿ ಎದ್ದರೆ ಸರಿ. ಏಳದೆ ಕೂತರೆ ಎರಡನೇ ಸಲ ಹೇಳುವಾಗ ನೀವು ಬೆಂಕಿ ಅನ್ನಲೇಬೇಕಾಗುತ್ತದೆ, ಆಗ ಮೊದಲ ಮಾತನ್ನೂ ನಂಬುವುದಿಲ್ಲ. "ಹೊಗಿ" ಅನ್ನಿ. ಕಣ್ಣಿಗೆ ಕಾಣುತ್ತಿರುವುದನ್ನೇ ಹೇಳಿದಂತಾಗುತ್ತದೆ.

ಬೂತ್ ಬಸಣ್ಣ

ಹೊಗಿ ಅಂದ್ರೂ ಅದ ಆಗ್ತದ ಅಂತ ನನ್ನ ಅಂದಾಜು. ಇರ್ಲಿ, ಬರಿಯಾವ್ರು ನೋಡ್ಕೊಳ್ಲಿ.

ವೈರಿಂಗ್ ಮಾಂತೇಶ

ಬೆಂಕಿ ಆರಸೋದು ಯಾರೂ ಬರೀವಲ್ರಿ? ಗ್ವಾಡಿಗೆ ಸಿಲಿಂಡರ್ ತೂಗ ಹಾಕಿದ್ದು ಯಾಕ?

ಹಳೇ ಹೆಲ್ಮೆಟ್

ಪ್ಯಾನೆಲ್ ಹತ್ತಿರ ಇರುವುದು 4.5 ಕೆ.ಜಿ.ಯ ಸಿ.ಓ.ಟು ಸಿಲಿಂಡರ್ ಅಂದುಕೊಂಡರೆ, ಅದರ ಗ್ಯಾಸ್ ಒಂದೆರಡು ಮೀಟರ್ ಮಾತ್ರ ತಲುಪುತ್ತದೆ, ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಬಾಗಿಲು ತೆರೆದಿದ್ದು, ಬೆಂಕಿ ಒಂದು ಸ್ವಿಚ್ಚಿನಷ್ಟಿದ್ದಾಗ ಅದು ಸಾಕು. ಬಾಗಿಲು ಬಿಸಿಯಾಗಿದೆ ಅಂದ ಮೇಲೆ ಆ ಹಂತ ದಾಟಿತು. ಅಷ್ಟು ಸಣ್ಣ ಕೋಣೆಯಲ್ಲಿ ಹೊಡೆದವನಿಗೂ ಉಸಿರಾಡಲು ಗಾಳಿ ಉಳಿಯುವುದಿಲ್ಲ. ನೀರಂತೂ ಕರೆಂಟ್ ಇರುವ ಪ್ಯಾನೆಲ್‌ಗೆ ಬೇಡವೇ ಬೇಡ. ಶಿವಪ್ಪ ಸಿಲಿಂಡರ್ ಕಡೆ ನೋಡಿ, ಮುಟ್ಟದೆ ಹೋಗಲಿ. ನನಗೆ ಅದು ಕಥೆಯಲ್ಲಿ ಬೇಕು.

ಸಿಂದಗಿ ನಾಕಾ

ಎಲ್ಲಾರ ಮಾತೂ ಇಟ್ಕೊಂಡು ಮತ್ತ ಬರದೀನಿ. ನೋಡ್ರಿ.

"ವಾಸನೆ ಮೊದಲು ಬಂತು. ಕೆಟ್ಟ ಮೀನಿನ ವಾಸನೆ, ಮೀನು ಯಾರೂ ತಾರದ ಜಾಗದಲ್ಲಿ. ಶಿವಪ್ಪ ಅಂಗೈಯ ಹಿಂಭಾಗವನ್ನು ಪ್ಯಾನೆಲ್ ರೂಮಿನ ಬಾಗಿಲಿಗೆ ಹಿಡಿದ. ಮೇಲ್ಗಡೆ ಹಿಡಿಯಲಾಗಲಿಲ್ಲ. ಚಿಲಕದ ಕಡೆ ಹೋಗಿದ್ದ ಇನ್ನೊಂದು ಕೈಯನ್ನು ಹಿಂದಕ್ಕೆ ತೆಗೆದ. ಗೋಡೆಯ ಮೇಲಿನ ಸಿಲಿಂಡರನ್ನು ಒಮ್ಮೆ ನೋಡಿದ.

ಕ್ಯಾಂಟೀನಿನ ಹುಡುಗ ಗ್ಲಾಸು ತೊಳೆಯುತ್ತಿದ್ದ. 'ತಮ್ಮಾ, 101ಕ್ಕ ಫೋನ್ ಹಚ್ಚು. ಟಾಕೀಸಿನ ಹೆಸರು ಹೇಳು, ಕರೆಂಟ್ ರೂಮ್ ಸುಡಾಕತ್ತದ ಅನ್ನು, ಆರನೂರು ಮಂದಿ ಒಳಗದಾರ ಅನ್ನು. ಅವರು ಇಡೂತನಕ ನೀ ಇಡಬ್ಯಾಡ. ಆಮ್ಯಾಲ ಗೇಟಿನ ಮುಂದಿನ ಗಾಡಿ ಸರಸು.' ಹುಡುಗ ಬಾಯಿ ತೆರೆದ. 'ಆಮ್ಯಾಲ ಕೇಳ್ವಂತಿ.'

ಅಂಗಳಕ್ಕೆ ನಡೆಯುತ್ತಲೇ ಆಪರೇಟರ್‌ಗೆ ಫೋನ್ ಹಚ್ಚಿದ. 'ಬೆಳಕಿನ್ಯಾಗ ಹೊಗಿ ಕಂಡದೇನು?'

'ಈಗ ಒಂದೀಟು ಕಾಣಾಕತ್ತದ. ಬೀಡಿ ಅಂದ್ಕೊಂಡಿದ್ದೆ.'

'ಬೀಡಿ ಅಲ್ಲ. ನಾ ಅಂಗಳದ ಬಾಗಿಲ ತೆರದು ಟಾರ್ಚ್ ಮೂರು ಸಲ ತೋರಸ್ತೀನಿ. ಆವಾಗ ಲೈಟ್ ಹಾಕು. ಹೊಗಿ ದಪ್ಪ ಆದ್ರ ನನ್ನ ಕಾಯಬ್ಯಾಡ.'

ಪ್ಲಾಂಟ್ ರೂಮ್ ದಾರಿಯಲ್ಲೇ ಇತ್ತು. ಕೆಂಪು ಬಟನ್ ಒತ್ತಿದ. ಬ್ಲೋವರ್ ನಿಧಾನಕ್ಕೆ ಇಳಿಯುವ ಸದ್ದು ಮುಗಿಯುವಷ್ಟರಲ್ಲಿ ಮೊದಲ ಬಾಗಿಲಿನ ಕೀಲಿ ತೆಗೆದಿದ್ದ. ಎರಡನೆಯದಕ್ಕೆ ಒಂದು ಬೈಕ್ ಒರಗಿತ್ತು. ಎತ್ತಿ ಪಕ್ಕಕ್ಕಿಟ್ಟ. ಟಾರ್ಚ್ ಮೂರು ಸಲ ಮಿಣುಕಿತು.

ಹಾಲಿನ ದೀಪ ಹತ್ತಿದವು. ನಾಯಕನ ಡೈಲಾಗ್ ನಡುವೆಯೇ ದನಿ ನಿಂತು, ಬಾಯಿ ಮಾತ್ರ ಆಡುತ್ತಿತ್ತು. ಆರನೂರು ತಲೆ ಹಿಂದಕ್ಕೆ ತಿರುಗಿದವು. ಮೈಕಿನಲ್ಲಿ ಆಪರೇಟರ್ ದನಿ ಬಂತು: 'ಎಡಕ್ಕ ನೋಡ್ರಿ, ಅಂಗಳದ ಎರಡೂ ಬಾಗಿಲ ತೆರದಾವ. ಕೆಳಗಿನವರು ಅಲ್ಲಿಂದ ನಡೀರಿ. ಬಾಲ್ಕನಿಯವರು ಎಡಗಡೆ ಮೆಟ್ಟಿಲ. ಕರೆಂಟ್ ರೂಮಿನ್ಯಾಗ ಹೊಗಿ ಬಂದದ. ಓಡಬ್ಯಾಡ್ರಿ, ನಿಂದರಬ್ಯಾಡ್ರಿ.' ಅದನ್ನೇ ಇನ್ನೊಮ್ಮೆ ಹೇಳಿ ಅವನು ಮೈಕ್ ಬಿಟ್ಟು ಹೊರಬಂದ. ಬಾಲ್ಕನಿಯ ಬಲಗಡೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಬಂದವರನ್ನೆಲ್ಲ ಎಡಕ್ಕೆ ಕಳಿಸತೊಡಗಿದ.

ಮುಂದಿನ ಸಾಲಿನ ಒಬ್ಬ ಮಾತ್ರ ಏಳಲಿಲ್ಲ. 'ರೊಕ್ಕ ವಾಪಸ್ ಕೊಡ್ತೀರೇನು?'

'ಹೊರಗ ಬಂದಾವರಿಗೆ ಕೊಡ್ತೀವ್ರಿ,' ಅಂದ ಶಿವಪ್ಪ. ಹಾಗೆ ಹೇಳುವ ಅಧಿಕಾರ ಅವನಿಗಿರಲಿಲ್ಲ. ಆ ಮನುಷ್ಯ ಎದ್ದ."

ಓದುಗಿ ಗಿರಿಜಾ

ರೊಕ್ಕದ ಮಾತು ಚೆನ್ನಾಗಿದೆ. ಗೊಣಗುತ್ತ ಎದ್ದರು ಅನ್ನುವುದಕ್ಕಿಂತ ಇದೇ ಮೇಲು.

ವೈರಿಂಗ್ ಮಾಂತೇಶ

ಜನರೇಟರ್ ಬಿಟ್ಟೀರಿ.

ಸಿಂದಗಿ ನಾಕಾ

ಮುಂದಿನ ಭಾಗದಾಗ ಬರ್ತದ ಮಾಂತೇಶ ಅಣ್ಣಾ. ಹಾಲ್ ಖಾಲಿ ಆದಮ್ಯಾಲ ಮೊದಲ ಸೆಲೆಕ್ಟರ್, ಆಮ್ಯಾಲ ಮೇನ್.

ಹಳೇ ಹೆಲ್ಮೆಟ್

ಕೊನೆಯವರು ಹೊರಬಿದ್ದ ಮೇಲೆ ಶೌಚಾಲಯ ನೋಡುವುದನ್ನೂ ಆ ಭಾಗಕ್ಕೆ ಸೇರಿಸಿ, ಮೈಕಿನ ಮಾತು ಅಲ್ಲಿಗೆ ಕೇಳಿಸಿರುವುದಿಲ್ಲ. ಹೊರಗೆ ಬಂದವರು ಬಾಗಿಲ ಬಾಯಲ್ಲೇ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ, ಹಿಂದಿನವರಿಗೆ ದಾರಿ ಕಟ್ಟುತ್ತದೆ. ಯಾರಾದರೊಬ್ಬರು ಅವರನ್ನು ಗೇಟಿನ ಆಚೆ ಕಳಿಸುತ್ತಿರಬೇಕು. ಆ ಬೈಕಿನ ಧಣಿಯನ್ನೇ ಹಚ್ಚಿ.

ಬೂತ್ ಬಸಣ್ಣ

ಒಂದು ಉಳೀತು. ಅಂಗಳದ ಬಾಗಿಲಕ್ಕ ಒಳಗಡೆ ಕರೀ ಪರದಿ ಇರ್ತದಲ್ರಿ. ಬಾಗಿಲ ತೆರದ್ರೂ ಪರದಿ ಬಿಟ್ಟಿದ್ರ ಕುಂತಾವರಿಗೆ ಗ್ವಾಡಿನ ಕಾಣ್ತದ, ಶಿವಪ್ಪನ ಟಾರ್ಚ್ ನನಗ ಕಿಂಡ್ಯಾಗೂ ಕಾಣಂಗಿಲ್ಲ. ಮೊದಲ ಪರದಿ ಸರಿಸಿ ಹುಕ್ಕಿಗೆ ಸಿಗಸ್ಲಿ, ಆಮ್ಯಾಲ ಟಾರ್ಚ್.